ಕತೆ ಓದಿ ಹೇಳಿ: ಬಲಗೈ ಮುರಿದ ಹುಡುಗಿ, ನೆಲದ ಮೇಲಿನ ಕೀಬೋರ್ಡು

ಕಾಫಿಕಣ

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರು ಜಿಲ್ಲೆ, ಆಲ್ದೂರಿನ ಕಡೆಯವಳು. ಹೋದ ಮಳೆಗಾಲದಲ್ಲಿ ನನ್ನ ಅಕ್ಕನ ಮಗಳು ಕೈ ಮುರಿದುಕೊಂಡಳು. ಅದನ್ನೇ ಇಟ್ಟುಕೊಂಡು ಒಂದು ಸಣ್ಣ ಕತೆ ಬರೆದಿದ್ದೇನೆ. ಆಟದ ವಿಷಯ ಅವಳನ್ನು ಕೇಳಿ ಬರೆದದ್ದು. ಮೂಳೆ ವಿಷಯ ಮಾತ್ರ ನನ್ನ ಅಂದಾಜು. ಎಲ್ಲಿ ಎಡವಿದ್ದೇನೆ ಅಂತ ಮುಲಾಜಿಲ್ಲದೆ ಹೇಳಿ.

*

ಪುನರ್ವಸು ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಕಣದ ತುಂಬ ಪಾಚಿ. ಬಚ್ಚಲೊಲೆಗೆ ಕಟ್ಟಿಗೆ ತರಲು ಕೊಟ್ಟಿಗೆಗೆ ಓಡಿದ ಭೂಮಿ ನಡು ಕಣದಲ್ಲಿ ಜಾರಿದಳು. ಬೀಳುವಾಗ ಬಲಗೈ ಊರಿದಳು. ಟಕ್ ಅಂದದ್ದು ಕಟ್ಟಿಗೆಯೋ ಕೈಯೋ ಅಂತ ಒಂದು ಕ್ಷಣ ಗೊತ್ತಾಗಲಿಲ್ಲ.

ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಹತ್ತಿರ ಕೂದಲೆಳೆಯಂಥ ಗೆರೆ. ಮೊಣಕೈ ಕೆಳಗಿನಿಂದ ಅಂಗೈವರೆಗೆ ಪ್ಲಾಸ್ಟರ್ ಹಾಕಿದರು. ಅಜ್ಜಿಗೆ ನಾಟಿ ಕಟ್ಟು ಹಾಕಿಸಲಿಲ್ಲವಲ್ಲ ಅಂತ ಬೇಜಾರು. ಅದಕ್ಕಿಂತ ದೊಡ್ಡ ಬೇಜಾರು ಊಟದ ಹೊತ್ತಿಗೆ ಶುರುವಾಯಿತು. ಭೂಮಿ ಎಡಗೈಯಲ್ಲಿ ಚಮಚ ಹಿಡಿದು ಕಳಲೆ ಪಲ್ಯ ಬಾಯಿಗಿಟ್ಟಳು. "ಎಡಗೈಲಿ ಉಣ್ತಾರೇನೇ?" ಅಂದ ಅಜ್ಜಿ ತಾವೇ ರೊಟ್ಟಿ ಮುರಿದು ತುತ್ತು ಕೊಟ್ಟರು. ಹತ್ತನೇ ಕ್ಲಾಸಿನ ಹುಡುಗಿಗೆ ತುತ್ತು!

ರಾತ್ರಿ ಹಾಸನದಿಂದ ಚಿಕ್ಕಮ್ಮನ ಮಗ ವಿಕ್ಕಿ ಫೋನ್ ಮಾಡಿದ. ಇಬ್ಬರೂ ಸೇರಿ ಮೈನ್‌ಕ್ರಾಫ್ಟ್‌ನಲ್ಲಿ ಎರಡು ತಿಂಗಳಿಂದ ಒಂದು ಕೋಟೆ ಕಟ್ಟುತ್ತಿದ್ದರು.

"ನೀನು ಸುಮ್ನೆ ನೋಡ್ತಾ ಇರು, ನಾನು ಕಟ್ತೀನಿ" ಅಂದ.

ಅದೇ ಅವಳಿಗೆ ತಡೆಯಲಿಲ್ಲ. ಮೌಸನ್ನು ಎಳೆದು ಎಡಗಡೆಗೆ ಇಟ್ಟಳು. ಎಡಗೈ ಮೌಸಿಗೆ ಹೋಯಿತು, ಸರಿ. ಹಾಗಾದರೆ ನಡೆಯೋದು ಯಾವುದರಲ್ಲಿ?

ಕೆಳಗೆ ನೋಡಿದಳು. ಎರಡು ಕಾಲು ಸುಮ್ಮನೆ ಕೂತಿದ್ದವು.

ಅಟ್ಟದಲ್ಲಿ ಅಪ್ಪನ ಹಳೇ ಕೀಬೋರ್ಡು ಇತ್ತು. ಅದನ್ನೂ ಕಂಪ್ಯೂಟರಿಗೆ ಚುಚ್ಚಿದಳು. ಎರಡು ಕೀಬೋರ್ಡು ಚುಚ್ಚಿದರೆ ಜಗಳ ಆಡುತ್ತವೆ ಅಂದುಕೊಂಡಿದ್ದಳು. ಎರಡೂ ಒಂದೇ ಎಂಬಂತೆ ನಡೆದವು. ಬಲ ತುದಿಯ ಅಂಕಿಗಳ ಗುಂಪಿನಲ್ಲಿ ಉದ್ದನೆಯ Enter, ಅಗಲವಾದ 0, ಈ ಎರಡನ್ನು ಬಿಟ್ಟು ಸುತ್ತಲಿನ ಕೀಗಳನ್ನು ಚಮಚದ ಹಿಡಿಯಿಂದ ಎಬ್ಬಿ ತೆಗೆದಳು. ಬಲಗಾಲಿನ ಹೆಬ್ಬೆರಳಿಗೆ Enter, ಅಂದರೆ ಮುಂದೆ. 0 ಅಂದರೆ ಹಿಂದೆ. ಎಡಗಾಲಿಗೆ ಸ್ಪೇಸ್, ಅಂದರೆ ಜಿಗಿತ. ಕಾವಿ ನೆಲದ ಮೇಲೆ ಕೀಬೋರ್ಡು ಜಾರುತ್ತಿತ್ತು. ಕಾಫಿ ಗೋಣಿ ಮಡಚಿ ಅಡಿಗೆ ಹಾಕಿದಳು. ಚಳಿ ಅಂತ ಕಾಲುಚೀಲ ಹಾಕಿದರೆ ಬೆರಳಿಗೆ ಎರಡು ಕೀ ಒಟ್ಟಿಗೆ ಸಿಗುತ್ತಿತ್ತು. ಬರಿಗಾಲೇ ಗತಿ.

ಆಟದೊಳಗೆ Key Binds ಪುಟ ತೆರೆದಳು. Walk Forwards ಮೇಲೆ ಒತ್ತಿದಾಗ `> W <` ಅಂತ ಕಾದು ಕೂತಿತು. ಕಾಲಿನಿಂದ ಒತ್ತುವಷ್ಟರಲ್ಲಿ ಗಾಬರಿಯಾಗಿ, ಬೇಡ ಅಂತ Esc ಒತ್ತಿದಳು. ಅದು ಬೇಡ ಅಂತ ತಿಳಿಯಲಿಲ್ಲ. Not Bound ಅಂತ ಬರೆದುಕೊಂಡಿತು. ಆಟಕ್ಕೆ ಹೋದರೆ ಅವಳ ಬೊಂಬೆ ನಿಂತಲ್ಲೇ ನಿಂತಿತ್ತು. ಮತ್ತೆ ಬಂದು ಸರಿ ಮಾಡಿದಳು. Attack ಬಲ ಬಟನ್‌ಗೆ, Use ಎಡ ಬಟನ್‌ಗೆ ಹಾಕಿದಳು, ಎಡಗೈಯ ತೋರುಬೆರಳು ಬೀಳುವುದು ಬಲ ಬಟನ್ ಮೇಲೆ ತಾನೆ. ಕೊನೆಗೆ ಬೊಂಬೆಯ ಉಡುಪಿನ ಪುಟದಲ್ಲಿ Main Hand ಅಂತ ಕಂಡಿತು. ಅದನ್ನೂ Left ಮಾಡಿದಳು. ತೆರೆಯ ಬಲಗಡೆ ಇದ್ದ ಕೈ ಎಡಗಡೆಗೆ ಬಂತು. ಅದರಿಂದ ಆಟದಲ್ಲಿ ಏನೂ ಅನುಕೂಲ ಇಲ್ಲ. ಆದರೂ ಮಾಡಿದಳು.

ಮೊದಲ ರಾತ್ರಿ ಏಳು ಸಲ ಸತ್ತಳು. ಕ್ರೀಪರ್ ಹತ್ತಿರ ಬಂದು ಬುಸ್ ಅಂದಮೇಲೆ ಸಿಡಿಯಲು ಒಂದೂವರೆ ಸೆಕೆಂಡು. ಕೈಯಾದರೆ ಅಷ್ಟರಲ್ಲಿ ಹಿಂದಕ್ಕೆ ಸರಿಯುತ್ತಿತ್ತು. ಕಾಲು 0 ಹುಡುಕುವಷ್ಟರಲ್ಲಿ ಸಿಡಿದೇ ಹೋಗುತ್ತಿತ್ತು. ಎಂಟನೇ ಸಲ ಅವಳು ಹಿಂದೆ ಸರಿಯುವ ಆಸೆಯನ್ನೇ ಬಿಟ್ಟಳು. ಆರು ಹಲಗೆ, ಒಂದು ಕಬ್ಬಿಣದ ಗಟ್ಟಿ ಸೇರಿಸಿ ಗುರಾಣಿ ಮಾಡಿಕೊಂಡಳು. ಬುಸ್ ಅಂದಾಗ ಓಡಲಿಲ್ಲ. ಅದಕ್ಕೇ ಮುಖ ಕೊಟ್ಟು ಗುರಾಣಿ ಎತ್ತಿ ನಿಂತಳು. ಸಿಡಿಯಿತು. ಕೋಟೆಯ ಗೋಡೆ ಹೋಯಿತು, ಅವಳು ಉಳಿದಳು.

"ನೀನು ಯಾವಾಗ ಗುರಾಣಿ ಹಿಡಿಯೋಕೆ ಕಲಿತೆ?" ಅಂದ ವಿಕ್ಕಿ. ಗೋಡೆ ಬಗ್ಗೆ ಆಮೇಲೆ ಬೈದ.

ಬೆಳಿಗ್ಗೆ ಪಹಣಿ ತೆಗೆಯಲು ಕೂತ ಅಪ್ಪ ಕೂಗಿದರು. "ಏನೇ ಮಾಡಿಟ್ಟಿದ್ದೀಯ? ಎಲ್ಲಿ ಒತ್ತಿದ್ರೂ ಅದೊಂದು ಪಟ್ಟಿ ಬರುತ್ತೆ!"

ಮೂರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ಮನೆಗೆ ಬಂದವಳೇ ಬಲಗೈಗೆ ಮೌಸ್ ತೆಗೆದುಕೊಂಡಳು. Reset Keys ಒತ್ತಿದಳು. ಎಲ್ಲ ಮೊದಲಿನಂತಾಯಿತು. ನೆಲದ ಕೀಬೋರ್ಡು ಮಾತ್ರ ಹಾಗೇ ಇತ್ತು, ಅವಳ ಹೆಬ್ಬೆರಳು ಆಗಾಗ ಅದನ್ನು ಮುಟ್ಟಿ ನೋಡುತ್ತಿತ್ತು.

---

ಗಣಕಗಿರಿ

ಕತೆ ಚೆನ್ನಾಗಿದೆ. ಆದರೆ ಇಷ್ಟೆಲ್ಲ ಸರ್ಕಸ್ ಯಾಕೆ? ವಿಂಡೋಸ್ ಸೆಟ್ಟಿಂಗ್ಸ್‌ಗೆ ಹೋಗಿ Primary mouse button ಅನ್ನು Right ಮಾಡಿದರೆ ಮುಗಿಯಿತು, ಆಟದೊಳಗೆ ಏನೂ ಮುಟ್ಟಬೇಕಿಲ್ಲ. ಇನ್ನೊಂದು, Mouse Keys ಅಂತ ಇದೆ. ಎಡ Alt, ಎಡ Shift, Num Lock ಒಟ್ಟಿಗೆ ಒತ್ತಿ. ಅಂಕಿಗಳಲ್ಲೇ ಮೌಸ್ ಬಾಣ ಓಡುತ್ತದೆ. ಮೌಸೇ ಬೇಡ! ಇಂಜಿನಿಯರಿಂಗ್ ಓದುವವರನ್ನು ಒಂದು ಮಾತು ಕೇಳಿದ್ದರೆ ಕೀಬೋರ್ಡು ಉಳಿಯುತ್ತಿತ್ತು :)

ರಂಗಣ್ಣ ಹಾಸನ

ಕೈ ಮುರಿದರೂ ಆಟ ಬಿಡಲ್ಲ ಅಂದರೆ ಇದು ಚಟ ಅಲ್ವಾ? ನನ್ನ ಮೊಮ್ಮಗನೂ ಹೀಗೇ, ಊಟಕ್ಕೆ ಕರೆದರೆ ಬರಲ್ಲ. ಇವನಿಗೆ ಈ ಆಟವನ್ನು ಪೂರ್ತಿ ಲಾಕ್ ಮಾಡುವುದು ಹೇಗೆ ಅಂತ ಗೊತ್ತಿದ್ದವರು ಹೇಳಿ. ಮೇಲೆ ಬರೆದಿರುವ Not Bound ಮಾಡಿದರೆ ಆಗುತ್ತಾ?

ಎಡಚ

ರಂಗಣ್ಣನವರೇ, Not Bound ಮಾಡಿದರೆ ನಿಮ್ಮ ಮೊಮ್ಮಗ ಹತ್ತು ಸೆಕೆಂಡಲ್ಲಿ ವಾಪಸ್ ಹಾಕಿಕೊಳ್ಳುತ್ತಾನೆ. ಅದಕ್ಕೆ ಬೇರೆ ಎಳೆ ಶುರು ಮಾಡಿ, ಅಲ್ಲಿ ಮಾತಾಡೋಣ.

ಕತೆಗೆ ಬರುತ್ತೇನೆ. ನಾನು ಹುಟ್ಟಾ ಎಡಚ, ಹನ್ನೆರಡು ವರ್ಷದಿಂದ ಎಡಗೈ ಮೌಸಿನಲ್ಲೇ ಆಡುತ್ತಿದ್ದೇನೆ. ಅದಕ್ಕೇ ಒಂದು ಜಾಗದಲ್ಲಿ ತಡೆಯಿತು. ಭೂಮಿ ಬಟನ್ ಅದಲು ಬದಲು ಮಾಡಿದ್ದು ಆಟದ ಒಳಗೆ. ಆಟದೊಳಗೆ ಏನೇ ಬದಲಿಸಿದರೂ ಅದು ಆಟದ ಬಾಗಿಲು ದಾಟಿ ಹೊರಗೆ ಬರಲ್ಲ. ಹಾಗಿದ್ದ ಮೇಲೆ ಬೆಳಿಗ್ಗೆ ಅಪ್ಪನಿಗೆ ಪಹಣಿ ಪುಟದಲ್ಲಿ ಎಲ್ಲಿ ಒತ್ತಿದರೂ ಪಟ್ಟಿ ಬಂದದ್ದು ಹೇಗೆ? ಅದು ವಿಂಡೋಸ್‌ನಲ್ಲಿ ಬದಲಿಸಿದರೆ ಮಾತ್ರ ಆಗುವ ಕೆಲಸ. ಕತೆಗಾರ್ತಿ ಯಾವುದೋ ಒಂದು ಹೆಜ್ಜೆ ಬಿಟ್ಟಿದ್ದಾರೆ. ನಿಮ್ಮ ಅಕ್ಕನ ಮಗಳನ್ನು ಒಂದು ಸಲ ಕೇಳಿ ನೋಡಿ.

ಗಣಕಗಿರಿ ಹೇಳಿದ್ದರಲ್ಲಿ ಅರ್ಧ ಸರಿ. ಮೈನ್‌ಕ್ರಾಫ್ಟ್‌ಗೆ ವಿಂಡೋಸ್‌ನಲ್ಲಿ ಬದಲಿಸುವುದೇ ವಾಸಿ. ಕಾರಣ ಪೆಟ್ಟಿಗೆ. ಗೋಡೆ ಒಡೆಯುವಾಗ, ಕಲ್ಲು ಇಡುವಾಗ ಆಟ ನೀವು ಬರೆದ Attack, Use ಸಾಲುಗಳನ್ನು ನೋಡುತ್ತದೆ. ಆದರೆ ಪೆಟ್ಟಿಗೆ ತೆರೆದು ಸಾಮಾನು ತೆಗೆಯುವಾಗ ಆ ಸಾಲುಗಳನ್ನು ಕೇಳುವುದಿಲ್ಲ. ಅಲ್ಲಿ ಎಡ ಬಟನ್ ಅಂದರೆ ಪೂರ್ತಿ ರಾಶಿ, ಬಲ ಬಟನ್ ಅಂದರೆ ಅರ್ಧ. ಅದು ಯಾವಾಗಲೂ ಹಾಗೇ. ಅಂದರೆ ಆಟದೊಳಗೆ ಮಾತ್ರ ಬದಲಿಸಿದವರಿಗೆ ಹೊರಗೆ ಒಂದು ಬೆರಳು, ಪೆಟ್ಟಿಗೆಯಲ್ಲಿ ಇನ್ನೊಂದು ಬೆರಳು. ತಲೆ ಕೆಡುತ್ತದೆ. ಅರವತ್ತನಾಲ್ಕು ಕಲ್ಲು ಎತ್ತಲು ಹೋಗಿ ಮೂವತ್ತೆರಡು ಎತ್ತಿಕೊಂಡು ಬರುತ್ತೀರಿ.

ಆದರೆ ಎಲ್ಲ ಆಟಗಳೂ ವಿಂಡೋಸ್ ಮಾತು ಕೇಳಲ್ಲ. ಕೆಲವು ಆಟಗಳು ಮೌಸಿನ ಹತ್ತಿರ ನೇರವಾಗಿ ಮಾತಾಡುತ್ತವೆ. ಅಂಥವಕ್ಕೆ ಒಳಗೇ ಬದಲಿಸಬೇಕು. ಒಂದೇ ಉಪಾಯ ಎಲ್ಲದಕ್ಕೂ ಆಗಲ್ಲ.

Mouse Keys ಬಗ್ಗೆ ಹೇಳಲೇಬೇಕು. ಅದರಲ್ಲಿ ಬಾಣ ಹೋಗುವುದು ಎಂಟೇ ದಿಕ್ಕಿಗೆ, ಅದೂ ಎತ್ತಿನ ಗಾಡಿಯ ಹಾಗೆ. ಪಹಣಿ ತೆಗೆಯಲು ಸಾಕು. ಒಂದೂವರೆ ಸೆಕೆಂಡಲ್ಲಿ ಸಿಡಿಯುವ ಕ್ರೀಪರ್ ಮುಂದೆ ಅದನ್ನು ಹಿಡಿದು ನಿಲ್ಲುವವರನ್ನು ನಾನು ನೋಡಿಲ್ಲ.

ಗಣಕಗಿರಿ

ಸರಿ, ಪೆಟ್ಟಿಗೆ ವಿಷಯ ಗೊತ್ತಿರಲಿಲ್ಲ. ಅರ್ಧ ಮಾರ್ಕ್ಸ್ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಒಂದು ಪ್ರಶ್ನೆ: ನೀವು ಎಡಚರಾಗಿ ಯಾವುದು ಮಾಡಿಕೊಂಡಿದ್ದೀರಿ?

ಎಡಚ

ಯಾವುದೂ ಇಲ್ಲ! ನಾನು ಚಿಕ್ಕಂದಿನಿಂದ ಎಡಗೈಯ ಮಧ್ಯದ ಬೆರಳಲ್ಲಿ ಎಡ ಬಟನ್ ಒತ್ತಿ ಬೆಳೆದವನು. ಸೈಬರ್ ಸೆಂಟರಿನಲ್ಲಿ ಬದಲಿಸಲು ಬಿಡುತ್ತಿರಲಿಲ್ಲ, ಹಾಗೇ ಅಭ್ಯಾಸವಾಯಿತು. ಆದರೆ ಹೊಸದಾಗಿ ಎಡಗೈಗೆ ಬಂದವರಿಗೆ ಅದು ಕಷ್ಟ. ಈ ಆಟದಲ್ಲಿ ಅಗೆಯುವಾಗ ಬಟನ್ ಒತ್ತಿ ಹಿಡಿದಿರಬೇಕು. ಅಬ್ಸಿಡಿಯನ್ ಒಂದು ಕಲ್ಲು ಒಡೆಯಲು ವಜ್ರದ ಗುದ್ದಲಿ ಇದ್ದರೂ 9.4 ಸೆಕೆಂಡು. ಪಳಗದ ಮಧ್ಯದ ಬೆರಳು ನಾಲ್ಕನೇ ಕಲ್ಲಿಗೆ ನಡುಗುತ್ತದೆ. ತೋರುಬೆರಳಿಗೆ ಆ ಕೆಲಸ ಕೊಟ್ಟದ್ದು ಭೂಮಿಯ ಜಾಣತನ.

ಮೂಳೆಮಾತು

ನಾನು ಫಿಸಿಯೋಥೆರಪಿ ಮಾಡುವವಳು, ಹಾಸನದಲ್ಲೇ ಕೆಲಸ. ಆಟದ ಬಗ್ಗೆ ಏನೂ ಗೊತ್ತಿಲ್ಲ. ಕೈ ಬಗ್ಗೆ ಹೇಳುತ್ತೇನೆ.

ಬಿದ್ದ ರೀತಿ ಸರಿಯಾಗಿದೆ. ಮಳೆಗಾಲದಲ್ಲಿ ನಮ್ಮಲ್ಲಿ ಬರುವ ಕೈಗಳಲ್ಲಿ ಬಹಳಷ್ಟು ಹೀಗೇ, ಜಾರಿ ಅಂಗೈ ಊರಿದ್ದು. ತಪ್ಪಿರುವುದು ಕೊನೆಯ ಭಾಗ. ಮಣಿಕಟ್ಟಿನ ಹತ್ತಿರದ ಈ ಮೂಳೆಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಪ್ಲಾಸ್ಟರ್ ಇರುತ್ತದೆ. ಮೂರು ವಾರ ಅಂತ ಓದಿದ ಯಾರಾದರೂ ಮನೆಯಲ್ಲೇ ಕತ್ತರಿ ಹಿಡಿದಾರು, ದಯವಿಟ್ಟು ತಿದ್ದಿ.

ಅದಕ್ಕಿಂತ ದೊಡ್ಡದು, ಬಿಚ್ಚಿದ ದಿನವೇ ಬಲಗೈಯಲ್ಲಿ ಮೌಸ್ ಹಿಡಿದು ಆಡಿದಳು ಅನ್ನುವುದು. ಪ್ಲಾಸ್ಟರ್ ಬಿಚ್ಚಿದಾಗ ಕೈ ಹೇಗಿರುತ್ತದೆ ನೋಡಿದ್ದೀರಾ? ತೆಳ್ಳಗಾಗಿರುತ್ತದೆ. ಚರ್ಮ ಒಣಗಿ ಹೊಟ್ಟು ಹೊಟ್ಟು ಉದುರುತ್ತದೆ. ವಾಸನೆಯೂ ಇರುತ್ತದೆ, ಮಕ್ಕಳು ಮುಜುಗರ ಪಟ್ಟುಕೊಳ್ಳುತ್ತಾರೆ. ಮಣಿಕಟ್ಟು ಹಿಂದಕ್ಕೆ ಬಾಗುವುದಿಲ್ಲ, ಅಂಗೈ ಪೂರ್ತಿ ಕೆಳಮುಖ ಆಗುವುದಿಲ್ಲ. ಮೌಸ್ ಹಿಡಿಯಲು ಇವೆರಡೂ ಬೇಕು. ನೀವೇ ಈಗ ಒಂದು ಸಲ ಹಿಡಿದು ನೋಡಿ, ಮಣಿಕಟ್ಟು ಸ್ವಲ್ಪ ಮೇಲಕ್ಕೆ ಬಾಗಿರುತ್ತದೆ. ಮೂಳೆ ಕೂಡಿದೆ ಅನ್ನುವುದೇ ಬೇರೆ, ಕೈ ಕೆಲಸಕ್ಕೆ ಬಂದಿದೆ ಅನ್ನುವುದೇ ಬೇರೆ. ಎರಡರ ನಡುವೆ ಇನ್ನೂ ಕೆಲವು ವಾರ ವ್ಯಾಯಾಮ ಇದೆ.

ಇನ್ನೊಂದು ನಿಮಗೆ ಅನುಕೂಲದ ಸುದ್ದಿ. ಇಂಥ ಪ್ಲಾಸ್ಟರಿನಲ್ಲಿ ಬೆರಳುಗಳು ಹೊರಗೇ ಇರುತ್ತವೆ. ಮೊದಲ ದಿನದಿಂದಲೇ ಬೆರಳು ಮಡಚಿ ಬಿಚ್ಚಿ ಮಾಡಿ ಅಂತ ನಾವೇ ಬೆನ್ನು ಹತ್ತುತ್ತೇವೆ, ಇಲ್ಲದಿದ್ದರೆ ಬೆರಳೂ ಬಿಗಿಯುತ್ತವೆ. ನಿಮ್ಮ ಹುಡುಗಿ ಆರೂ ವಾರ ಬಲಗೈ ಮುಟ್ಟದೇ ಕೂತಳೇ? ಊತ ಇಳಿದ ಮೇಲೆ, ಡಾಕ್ಟರು ಬೇಡ ಅನ್ನದಿದ್ದರೆ, ಆ ಬೆರಳಲ್ಲಿ ಒಂದೆರಡು ಕೀ ಮೆಲ್ಲಗೆ ಒತ್ತಬಹುದಿತ್ತು. ಬೆರಳು ನೀಲಿಯಾದರೆ, ಜೋಮು ಹಿಡಿದರೆ, ನೋವು ಏರುತ್ತಾ ಹೋದರೆ ಮಾತ್ರ ಆಟವೂ ಬೇಡ, ವ್ಯಾಯಾಮವೂ ಬೇಡ. ಪ್ಲಾಸ್ಟರ್ ಬಿಗಿಯಾಗಿದೆ ಅಂತ ಅರ್ಥ, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಬುಲೆಟ್ ಬಾಬು

ನನ್ನದೂ ಕೇಳಿ. ಮುಳ್ಳಯ್ಯನಗಿರಿ ಇಳಿಯುವಾಗ ಗಾಡಿ ಜಾರಿ ಬಲಗೈ ಊರಿದೆ. ಎಕ್ಸ್‌ರೇ ತೆಗೆದರು, ಏನೂ ಇಲ್ಲ ಉಳುಕು ಅಂದರು, ಮುಲಾಮು ಕೊಟ್ಟು ಕಳಿಸಿದರು. ಹದಿನೈದು ದಿನ ಗಾಡಿ ಓಡಿಸಿದೆ. ಬಾಟಲಿ ಮುಚ್ಚಳ ತಿರುಗಿಸಲು ಆಗಲ್ಲ, ಹೆಬ್ಬೆರಳ ಬುಡ ಸುಡುತ್ತದೆ. ಮತ್ತೆ ತೆಗೆಸಿದರೆ ಮುರಿದಿದೆ! ಹೆಬ್ಬೆರಳು ಸೇರಿಸಿ ಪ್ಲಾಸ್ಟರ್. ಮೂರು ತಿಂಗಳು. ಭೂಮಿ ಪುಣ್ಯವಂತೆ, ಗೆರೆ ಮೊದಲೇ ಕಂಡಿತು. ನನ್ನ ಕಷ್ಟಕ್ಕೆ ಯಾರೂ ಕತೆ ಬರೆಯಲಿಲ್ಲ.

ಮೂಳೆಮಾತು

ಬಾಬು ಅವರೇ, ನಿಮ್ಮದು ಬೇರೆ ಮೂಳೆ, ಸ್ಕೇಫಾಯ್ಡ್. ಗೋಡಂಬಿಯಷ್ಟು ಇರುತ್ತದೆ. ಅದಕ್ಕೆ ರಕ್ತ ಹೋಗುವ ದಾರಿ ಸಣ್ಣದು, ಹಾಗಾಗಿ ಕೂಡುವುದು ನಿಧಾನ. ಮೊದಲ ಎಕ್ಸ್‌ರೇಯಲ್ಲಿ ಕಾಣದಿರುವುದು ಅಪರೂಪವೇನಲ್ಲ. ಹೆಬ್ಬೆರಳನ್ನು ಎತ್ತಿ ಚಾಚಿದರೆ ಅದರ ಬುಡದಲ್ಲಿ ಒಂದು ಗುಳಿ ಬೀಳುತ್ತದಲ್ಲ, ಅಲ್ಲಿ ಒತ್ತಿದರೆ ನೋವಾದರೆ ಚಿತ್ರದಲ್ಲಿ ಏನೂ ಕಾಣದಿದ್ದರೂ ಪಟ್ಟಿ ಹಾಕಿ, 10ರಿಂದ 14 ದಿನಕ್ಕೆ ಮತ್ತೆ ತೆಗೆಸಿ ನೋಡುವುದು ವಾಡಿಕೆ. ಈಗ ಮುಷ್ಟಿ ಬಿಗಿಯಾಗಿ ಹಿಡಿಯಲು ಆಗುತ್ತಾ?

ಬುಲೆಟ್ ಬಾಬು

ಆಗುತ್ತೆ. ಮಳೆ ಬಂದರೆ ಮಾತ್ರ ಹೆಬ್ಬೆರಳೇ ಮೊದಲು ಹೇಳುತ್ತೆ.

ಓದುಗಿ

ಎಲ್ಲರೂ ಮೂಳೆ, ಮೌಸು ಅಂತ ಹೊರಟಿರಿ, ಕತೆಯ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಇಷ್ಟವಾದದ್ದು ಗುರಾಣಿ. ಹಿಂದೆ ಸರಿಯಲು ಆಗಲ್ಲ, ಅದಕ್ಕೆ ನಿಂತಲ್ಲೇ ತಡೆದಳು. ಕೀ ಬದಲಾದ ಮೇಲೆ ಆಡುವ ರೀತಿಯೇ ಬದಲಾಯಿತು. ಕತೆ ಇರುವುದು ಅಲ್ಲಿ.

ಇಷ್ಟವಾಗದ್ದು ಕೊನೆ. Reset Keys ಒತ್ತಿದಳು, ಎಲ್ಲ ಮೊದಲಿನಂತಾಯಿತು, ಹೆಬ್ಬೆರಳು ಮಾತ್ರ ನೆನಪಿಟ್ಟುಕೊಂಡಿತು. ಹೀಗೆ ಮುಗಿಯುತ್ತದೆ ಅಂತ ನನಗೆ ಮಧ್ಯದಲ್ಲೇ ಗೊತ್ತಾಗಿತ್ತು. ಅಜ್ಜಿಯನ್ನೂ ತುತ್ತು ಕೊಡಿಸಿ ಅಲ್ಲೇ ಬಿಟ್ಟಿರಿ. ಆರು ವಾರ ಅಂದರೆ ಅಜ್ಜಿ ನೂರು ಹೊತ್ತು ತುತ್ತು ಕೊಟ್ಟಿರಬೇಕು!

ಕಾಫಿಕಣ

ಅಬ್ಬಾ, ಇಷ್ಟು ಜನ ಇಷ್ಟು ಗಮನ ಇಟ್ಟು ಓದುತ್ತೀರಿ ಅಂದುಕೊಂಡಿರಲಿಲ್ಲ. ನಿನ್ನೆ ರಾತ್ರಿ ಅವಳಿಗೆ ಫೋನ್ ಮಾಡಿ ಒಂದೊಂದೇ ಕೇಳಿದೆ.

ಎಡಚ ಅವರೇ, ನೀವು ಹಿಡಿದದ್ದು ಸರಿ. ಅವಳು ಮೊದಲು ಆಟದೊಳಗೇ ಬದಲಿಸಿದ್ದಳಂತೆ. ಪೆಟ್ಟಿಗೆಯಲ್ಲಿ ನೀವು ಹೇಳಿದ ಹಾಗೇ ಅರ್ಧ ರಾಶಿ ಬರತೊಡಗಿತು. ಆಗ ವಿಂಡೋಸ್‌ಗೆ ಹೋಗಿ ಅಲ್ಲೂ ಬದಲಿಸಿದಳು. ಪೆಟ್ಟಿಗೆ ಸರಿಹೋಯಿತು, ಆದರೆ ಗೋಡೆ ಒಡೆಯುವುದು ಮತ್ತೆ ಮಧ್ಯದ ಬೆರಳಿಗೇ ಬಂತು! ಎರಡು ಸಲ ತಿರುಗಿಸಿದರೆ ಇದ್ದಲ್ಲಿಗೇ ಬರುತ್ತದೆ ಅಂತ ಹೊಳೆಯಲು ಅವಳಿಗೆ ಅರ್ಧ ಗಂಟೆ ಹಿಡಿಯಿತಂತೆ. ಕೊನೆಗೆ ಆಟದೊಳಗಿನದನ್ನು ತೆಗೆದು ವಿಂಡೋಸ್‌ನದನ್ನು ಉಳಿಸಿಕೊಂಡಳು. ಭಾವ ಕೂಗಿದ್ದು ಆ ಬೆಳಿಗ್ಗೆ. ಆಮೇಲೆ ದಿನಾ ಎದ್ದ ಕೂಡಲೇ ವಾಪಸ್ ಹಾಕಬೇಕು ಅಂತ ಒಪ್ಪಂದವಾಯಿತಂತೆ. ಎರಡು ದಿನ ನೆನಪಿತ್ತು, ಮೂರನೇ ದಿನ ಭಾವನೇ ಬಲ ಬಟನ್ ಒತ್ತಲು ಕಲಿತರು.

ನಾನು ಕತೆಯಲ್ಲಿ ಬಿಟ್ಟ ಇನ್ನೊಂದು ಇದೆ. ಕೂತು ನಡೆಯಲು ಮೊದಲು ಎಡಗಾಲಿಗೆ Shift ಕೊಟ್ಟಿದ್ದಳು. ಸೇತುವೆ ಅಂಚಿನಲ್ಲಿ ಬೀಳದಂತೆ ಮತ್ತೆ ಮತ್ತೆ ಒತ್ತಬೇಕಲ್ಲ. ಐದನೇ ಸಲ ಒತ್ತಿದಾಗ ಆಟ ಹಿಂದೆ ಸರಿದು Sticky Keys ಬೇಕಾ ಅಂತ ವಿಂಡೋಸ್ ಕೇಳಿತು. ಬೇಡ ಅಂದು ವಾಪಸ್ ಬರುವಷ್ಟರಲ್ಲಿ ಸೇತುವೆಯಿಂದ ಬಿದ್ದು ಸಾಮಾನೆಲ್ಲ ಲಾವಾದಲ್ಲಿ. ಇದನ್ನು ಕತೆಯಲ್ಲಿ ಹಾಕಲಾ?

ಎಡಚ

ಹಾಕಿ, ಹಾಕಿ. ಇದನ್ನು ಅನುಭವಿಸದವರು ಯಾರಿದ್ದಾರೆ! ಬಲಗಡೆಯ Shift ಮೇಲೆ ಕಾಲು ಎಂಟು ಸೆಕೆಂಡು ಊರಿದರೆ Filter Keys ಅಂತ ಇನ್ನೊಂದು ಕೇಳುತ್ತದೆ. ಕಾಲಲ್ಲಿ ಆಡುವವರಿಗೆ ಅದೂ ಕಾಟ. ಸೆಟ್ಟಿಂಗ್ಸ್‌ನಲ್ಲಿ Accessibility ಒಳಗೆ Keyboard ಪುಟದಲ್ಲಿ ಈ ಶಾರ್ಟ್‌ಕಟ್‌ಗಳನ್ನು ಆರಿಸಬಹುದು. ಆದರೆ ನಾನಾದರೆ Shift ಅನ್ನೇ ಬಿಡುತ್ತೇನೆ. ಅವಳು ಆಮೇಲೆ ಎಲ್ಲಿಗೆ ಹಾಕಿದಳು?

ಕಾಫಿಕಣ

ಮೌಸಿನ ಚಕ್ರವನ್ನು ಒತ್ತುವುದಕ್ಕೆ. ಒಂದು ಸಲ ಒತ್ತಿದರೆ ಕೂರುತ್ತದೆ, ಇನ್ನೊಂದು ಸಲ ಒತ್ತಿದರೆ ಏಳುತ್ತದೆ, ಹಿಡಿದಿರಬೇಕಿಲ್ಲ. ಚಕ್ರದಲ್ಲಿ ಮೊದಲೇ ಬೇರೆ ಕೆಲಸ ಇತ್ತಂತೆ, ಅದನ್ನು Esc ಒತ್ತಿ ಖಾಲಿ ಮಾಡಿದಳು. ಮೊದಲ ದಿನ ಕಾಟ ಕೊಟ್ಟ ಅದೇ Esc! E, Q ಇಂಥವಕ್ಕೆ ಎಡಗೈಯನ್ನೇ ಒಂದು ಗಳಿಗೆ ಮೌಸಿನಿಂದ ಎತ್ತಿ ಒತ್ತುತ್ತಿದ್ದಳು. ಅವಳ ಕಡತದಿಂದ ನನಗೆ ಕಳಿಸಿದ್ದು ಇದು:

```
key_key.forward:key.keyboard.keypad.enter
key_key.back:key.keyboard.keypad.0
key_key.jump:key.keyboard.space
key_key.sneak:key.mouse.middle
key_key.pickItem:key.keyboard.unknown
toggleCrouch:true
mainHand:"left"
```

ಎಡಚ

ಇದು `options.txt`. ವಿಂಡೋಸ್‌ನಲ್ಲಿ `%appdata%\.minecraft` ಒಳಗೆ ಇರುತ್ತದೆ. `unknown` ಅಂತ ಇದೆಯಲ್ಲ, ಅದೇ Not Bound. ಕತೆಯ ಕೊನೆಗೂ ಇದು ಬೇಕಾಗುತ್ತದೆ ನೋಡಿ. Reset Keys ಒತ್ತಿದರೆ ಒಂದೇ ಏಟಿಗೆ ಎಲ್ಲ ಕೀಗಳೂ ಹೋಗುತ್ತವೆ, ವಾಪಸ್ ತರುವ ಬಟನ್ ಇಲ್ಲ. ಆರು ವಾರ ಕಾಲಲ್ಲಿ ಕಲಿತದ್ದನ್ನು ಹಾಗೆ ಅಳಿಸುವವಳಲ್ಲ ಭೂಮಿ. ಆಟ ಮುಚ್ಚಿ, ಈ ಕಡತವನ್ನು ಬೇರೆ ಹೆಸರಲ್ಲಿ ಕಾಪಿ ಮಾಡಿಟ್ಟಿರುತ್ತಾಳೆ. ಇನ್ನೊಂದು, ಪ್ರತಿ ಸಾಲಿನ ಪಕ್ಕದಲ್ಲೂ ಒಂದೊಂದು ಸಣ್ಣ Reset ಇದೆ. ಬೇಕಾದ್ದನ್ನು ಮಾತ್ರ ಹಿಂದಕ್ಕೆ ತರಬಹುದು.

ಓದುಗಿ

ಹಾ! ಒಂದೊಂದೇ Reset. ಮೂಳೆಮಾತು ಅವರು ಹೇಳಿದ್ದೂ ಅದೇ ಅಲ್ವಾ, ಕೈ ಒಂದೇ ದಿನ ವಾಪಸ್ ಬರಲ್ಲ ಅಂತ.

ಗಣಕಗಿರಿ

ನನ್ನ ಮತ ಬೇರೆ. ಒಂದೊಂದೇ ಬದಲಿಸಿದರೆ ಯಾವುದೂ ಕೈಗೆ ಹತ್ತಲ್ಲ. ಅರ್ಧ ಕಾಲು ಅರ್ಧ ಕೈ. ಎಲ್ಲ ಒಟ್ಟಿಗೆ ಬದಲಿಸಿ ಎರಡು ದಿನ ಒದ್ದಾಡುವುದೇ ವಾಸಿ.

ಮೂಳೆಮಾತು

ಆಟಕ್ಕೆ ನೀವು ಹೇಳಿದ್ದು ಸರಿ ಇರಬಹುದು. ಆದರೆ ಎರಡು ದಿನ ಒದ್ದಾಡುವ ಕೈ ಪ್ಲಾಸ್ಟರಿನಿಂದ ಈಗಷ್ಟೇ ಬಂದದ್ದು. ನಾನು ಒಪ್ಪುವುದಿಲ್ಲ. ಅಷ್ಟೇ ಅಲ್ಲ, ಆರು ವಾರ ಎಲ್ಲ ಕೆಲಸ ಮಾಡಿದ ಎಡಗೈಯನ್ನೂ ಒಂದು ಸಲ ಕೇಳಿ. ಅದರ ಹೆಬ್ಬೆರಳ ಬುಡ ನೋಯುತ್ತಿರುತ್ತದೆ. ಒಳ್ಳೆ ಕೈ ಅಂತ ಅದಕ್ಕೆ ಯಾರೂ ರಜೆ ಕೊಡುವುದಿಲ್ಲ.

ರಂಗಣ್ಣ ಹಾಸನ

ಅಜ್ಜಿ ತುತ್ತು ಕೊಟ್ಟದ್ದು ಓದಿ ನಮ್ಮ ಮನೆಯವರು ಕಣ್ಣೊರೆಸಿಕೊಂಡರು. ಮೊಮ್ಮಗನ ವಿಷಯ ಆಮೇಲೆ ನೋಡೋಣ. ಕೊನೆ ತಿದ್ದಿ ಹಾಕಿ, ಓದಿ ಹೇಳುತ್ತೇನೆ ಅಂದಿದ್ದೇನೆ.

ಕಾಫಿಕಣ

ಕೊನೆಯ ಭಾಗ ತಿದ್ದಿದ್ದೇನೆ. Sticky Keys ಜಾಗ ಇನ್ನೂ ಹುಡುಕುತ್ತಿದ್ದೇನೆ.

*

ಪ್ಲಾಸ್ಟರ್ ಬಿಚ್ಚಿದ್ದು ಆರನೇ ವಾರ. ಒಳಗಿನಿಂದ ಬಂದ ಕೈ ತನ್ನದಲ್ಲ ಅನ್ನಿಸಿತು ಭೂಮಿಗೆ. ತೆಳ್ಳಗೆ, ಬಿಳಿಚಿಕೊಂಡು, ಹೊಟ್ಟು ಉದುರುತ್ತಿತ್ತು. ಬಸ್ಸಿನಲ್ಲಿ ದುಪಟ್ಟಾ ಮುಚ್ಚಿಕೊಂಡು ಬಂದಳು.

ಮನೆಗೆ ಬಂದು ಮೌಸ್ ಮೇಲೆ ಬಲಗೈ ಇಟ್ಟಳು. ಅಂಗೈ ಕೂರಲಿಲ್ಲ. ಅಂಚು ಮಾತ್ರ ತಾಗಿ, ಹೆಬ್ಬೆರಳು ಮೇಲೆದ್ದೇ ಇತ್ತು. ಒತ್ತಿ ಕೂರಿಸಲು ಹೋದಳು, ನೋವಾಯಿತು. ಎತ್ತಿಕೊಂಡಳು.

ಆಟ ಮುಚ್ಚಿದಳು. ಕಡತವನ್ನು ಕಾಪಿ ಮಾಡಿ `options-kaalu.txt` ಅಂತ ಹೆಸರಿಟ್ಟಳು. ಮತ್ತೆ ತೆರೆದು, Key Binds ಪುಟದಲ್ಲಿ ಒಂದೇ ಸಾಲು ಮುಟ್ಟಿದಳು. Walk Backwards ಅನ್ನು ಕಾಲಿನಿಂದ ತೆಗೆದು K ಗೆ ಹಾಕಿದಳು. ಬಲಗೈಯನ್ನು ಓರೆಯಾಗಿಯೇ ಮಡಚಿದ ಟವೆಲ್ ಮೇಲೆ ಮಲಗಿಸಿ, ಒಂದು ಬೆರಳನ್ನು ಅಲ್ಲಿಟ್ಟಳು. ಮೌಸ್ ಎಡಗೈಯಲ್ಲೇ. ನಡೆಯುವುದು ಕಾಲಲ್ಲೇ.

"ಬಂದ್ಯಾ? ಕ್ರೀಪರ್ ಇದೆ, ಬಾಗಿಲ ಹತ್ರ" ಅಂದ ವಿಕ್ಕಿ.

ಬುಸ್ ಅಂದಿತು. ಬೆರಳು K ಒತ್ತಿತು. ಬೊಂಬೆ ಒಂದು ಹೆಜ್ಜೆ ಹಿಂದೆ ಹೋಯಿತು, ಇನ್ನೊಂದು ಹೆಜ್ಜೆ. ಅಷ್ಟರಲ್ಲಿ ಎಡಗೈ ತಾನಾಗಿ ಗುರಾಣಿ ಎತ್ತಿತ್ತು.

ಅಡುಗೆ ಮನೆಯಿಂದ ಅಜ್ಜಿ ಕೂಗಿದರು. "ಪ್ಲಾಸ್ಟರ್ ಹೋಯ್ತಲ್ಲ, ಇವತ್ತು ನೀನೇ ಉಣ್ತೀಯೋ?"

"ಇವತ್ತೊಂದಿನ ನೀನೇ ಕೊಡು ಅಜ್ಜಿ" ಅಂದಳು, ತೆರೆಯಿಂದ ಕಣ್ಣು ತೆಗೆಯದೆ.